ಅರ್ಧ ಗಂಟೆಗೊಂದು ಬ್ಯಾಚ್: ನೆಫ್ಟ್ ಹಣ ಎಲ್ಲಿ ಕಾಯುತ್ತದೆ?

ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ಬೆಳಿಗ್ಗೆ 10.32ಕ್ಕೆ ಮೊಬೈಲಿನಲ್ಲಿ ನೆಫ್ಟ್ ಆರಿಸಿ ಸೂರತ್ತಿನ ಸಗಟು ಅಂಗಡಿಗೆ 80,000 ರೂಪಾಯಿ ಕಳಿಸುತ್ತಾರೆ ಎಂದುಕೊಳ್ಳೋಣ. ಖಾತೆಯಿಂದ ಹಣ ಕಡಿತವಾದ ಎಸ್‌ಎಂಎಸ್ ಮರುಕ್ಷಣವೇ ಬರುತ್ತದೆ. ಹತ್ತು ಮುಕ್ಕಾಲಿಗೆ ಸೂರತ್ತಿನಿಂದ ಫೋನ್: ‘ಇನ್ನೂ ಬಂದಿಲ್ಲವಲ್ಲ!’ ಇಬ್ಬರು ಹೇಳುವುದೂ ನಿಜ. ಹಣ ಇವರ ಖಾತೆಯಿಂದ ಹೋಗಿದೆ, ಅವರ ಖಾತೆಗೆ ಸೇರಿಲ್ಲ. ಅದು ದೇಶದ ನಾನಾ ಕಡೆಯಿಂದ ಬಂದ ಇಂಥದೇ ಅಸಂಖ್ಯ ಪಾವತಿಗಳ ಜೊತೆ 11 ಗಂಟೆಯ ಬ್ಯಾಚ್‌ಗಾಗಿ ಕಾಯುತ್ತಿದೆ.

ರಿಸರ್ವ್ ಬ್ಯಾಂಕು 2005ರ ನವೆಂಬರ್‌ನಲ್ಲಿ ನೆಫ್ಟ್ ಆರಂಭಿಸಿದಾಗಿನಿಂದಲೂ ಅದರ ಮೂಲ ಲೆಕ್ಕಾಚಾರ ಇದೇ. ಪಾವತಿ ಬಂದ ಹಾಗೆಲ್ಲ ಒಂದೊಂದಾಗಿ ಬ್ಯಾಂಕುಗಳ ನಡುವೆ ಹಣ ಸಾಗಿಸುವುದಿಲ್ಲ. ಒಂದಷ್ಟು ಹೊತ್ತು ಕೂಡಿಹಾಕಿ, ಗೊತ್ತುಪಡಿಸಿದ ಸಮಯಕ್ಕೆ ಎಲ್ಲವನ್ನೂ ಒಟ್ಟಿಗೆ ಚುಕ್ತಾ ಮಾಡುತ್ತಾರೆ. ಹೀಗೆ ಕೂಡಿಹಾಕುವುದರಿಂದ ಉಳಿತಾಯವಿದೆ. ಆ ಉಳಿತಾಯಕ್ಕೆ ಎರಡು ಕಡೆ ಬೆಲೆ ತೆರಬೇಕಾಗುತ್ತದೆ: ಒಂದು ತಡ, ಇನ್ನೊಂದು ಎಡವಟ್ಟಾದಾಗಿನ ನಿರ್ವಹಣೆ.

ಉಳಿತಾಯ ಎಷ್ಟೆಂದು ತಿಳಿಯಲು ಮೂರೇ ಬ್ಯಾಂಕುಗಳ ಪುಟ್ಟ ಉದಾಹರಣೆ ಸಾಕು. 11 ಗಂಟೆಯ ಬ್ಯಾಚ್‌ನಲ್ಲಿ ‘ಅ’ ಬ್ಯಾಂಕಿನ ಗ್ರಾಹಕರೆಲ್ಲ ಸೇರಿ ‘ಬ’ ಬ್ಯಾಂಕಿನವರಿಗೆ 40 ಲಕ್ಷ, ‘ಕ’ ಬ್ಯಾಂಕಿನವರಿಗೆ 18 ಲಕ್ಷ ಕಳಿಸಿದ್ದಾರೆ. ‘ಬ’ದಿಂದ ‘ಅ’ಗೆ 35 ಲಕ್ಷ, ‘ಕ’ಗೆ 30 ಲಕ್ಷ ಹೊರಟಿದೆ. ‘ಕ’ದಿಂದ ‘ಅ’ಗೆ 20 ಲಕ್ಷ, ‘ಬ’ಗೆ 28 ಲಕ್ಷ. ಒಟ್ಟು 1 ಕೋಟಿ 71 ಲಕ್ಷದ ಪಾವತಿ.

ಈಗ ಕೊಡುವುದನ್ನೂ ಬರುವುದನ್ನೂ ವಜಾ ಹಾಕಿ ನೋಡಬೇಕು. ‘ಅ’ ಕೊಡಬೇಕಾದ್ದು 58 ಲಕ್ಷ, ಅದಕ್ಕೆ ಬರಬೇಕಾದ್ದು 55 ಲಕ್ಷ. ‘ಬ’ ಕೊಡಬೇಕಾದ್ದು 65, ಬರಬೇಕಾದ್ದು 68. ‘ಕ’ಗೆ ಕೊಡುವುದೂ 48, ಬರುವುದೂ 48. ಅಲ್ಲಿಗೆ ರಿಸರ್ವ್ ಬ್ಯಾಂಕಿನಲ್ಲಿರುವ ‘ಅ’ದ ಖಾತೆಯಿಂದ ‘ಬ’ದ ಖಾತೆಗೆ 3 ಲಕ್ಷ ದಾಟಿಸಿದರೆ ಎಲ್ಲರ ಲೆಕ್ಕವೂ ಮುಗಿಯಿತು. ಇದೇ ಪಾವತಿಗಳನ್ನು ಒಂದೊಂದಾಗಿ ಸಾಗಿಸಿದ್ದರೆ ಪ್ರತಿ ಬಾರಿಯೂ ಕಳಿಸುವ ಬ್ಯಾಂಕಿನ ಖಾತೆಯಲ್ಲಿ ಅಷ್ಟೂ ಹಣ ಸಿದ್ಧವಿರಬೇಕಿತ್ತು. ಹಾಗೆ ಒಂದೊಂದಾಗಿಯೇ ಸಾಗಿಸುವ ವ್ಯವಸ್ಥೆ ಆರ್‌ಟಿಜಿಎಸ್. ದೊಡ್ಡ ಮೊತ್ತಕ್ಕೆಂದೇ ಇರುವ ಅದರಲ್ಲಿ ಗ್ರಾಹಕರು 2 ಲಕ್ಷಕ್ಕಿಂತ ಕಡಿಮೆ ಹಣ ಕಳಿಸುವಂತಿಲ್ಲ.

ಬ್ಯಾಚ್ ಯಾವಾಗ ಹೊರಡಬೇಕು ಎಂಬುದನ್ನು ಎರಡು ರೀತಿ ನಿರ್ಧರಿಸಬಹುದು. ಹಳ್ಳಿ ರಸ್ತೆಯ ಟೆಂಪೊ ಸೀಟು ತುಂಬಿದ ಮೇಲೆ ಹೊರಡುತ್ತದೆ, ಸರ್ಕಾರಿ ಬಸ್ಸು ವೇಳಾಪಟ್ಟಿ ನೋಡಿ ಹೊರಡುತ್ತದೆ. ತುಂಬುವವರೆಗೆ ಕಾಯುವ ಪದ್ಧತಿಯಲ್ಲಿ ಪ್ರತಿ ಓಟವೂ ದಂಡಿಯಾಗಿ ಸಾಗುತ್ತದೆ. ಆದರೆ ಜನ ಕಡಿಮೆಯಿದ್ದ ಹೊತ್ತಿನಲ್ಲಿ ಮೊದಲು ಹತ್ತಿ ಕೂತವರು ಎಷ್ಟು ಹೊತ್ತು ಕಾಯಬೇಕೋ ಯಾರೂ ಹೇಳಲಾರರು. ನೆಫ್ಟ್ ಗಡಿಯಾರವನ್ನು ಆರಿಸಿಕೊಂಡಿದೆ. ಮಧ್ಯರಾತ್ರಿ ಕಳೆದು ಬರುವ 12.30ರ ಬ್ಯಾಚ್‌ನಲ್ಲಿ ಹತ್ತೇ ಪಾವತಿ ಇದ್ದರೂ ಅದು ನಡೆದೇ ತೀರುತ್ತದೆ.

ಹಾಗಾಗಿ ಕಾಯುವ ಹೊತ್ತಿಗೆ ಒಂದು ಮಿತಿ ಇದೆ. ಅರ್ಧ ಗಂಟೆಗೊಂದು ಬ್ಯಾಚ್ ಎಂದ ಮೇಲೆ 10.32ಕ್ಕೆ ಕಳಿಸಿದವರು 28 ನಿಮಿಷ ಕಾಯುತ್ತಾರೆ, 10.50ಕ್ಕೆ ಕಳಿಸಿದವರು 10 ನಿಮಿಷ. ಪಾವತಿಗಳು ಸಮನಾಗಿ ಬರುತ್ತವೆ ಎಂದಿಟ್ಟುಕೊಂಡರೆ ಸರಾಸರಿ ಕಾಯುವಿಕೆ ಕಾಲು ಗಂಟೆ. ಬ್ಯಾಚ್ ಹೊರಡುವ ಕೊನೆಯ ಗಳಿಗೆಯಲ್ಲಿ ಕಳಿಸಿದ್ದು ಬ್ಯಾಂಕಿನ ಒಳಗಿನ ತಪಾಸಣೆ ಮುಗಿಯುವಷ್ಟರಲ್ಲಿ ಮುಂದಿನ ಬ್ಯಾಚ್‌ಗೆ ಜಾರುವುದೂ ಉಂಟು. ಬ್ಯಾಚ್ ಮುಗಿದ ಬಳಿಕ ಹಣ ಪಡೆಯುವ ಬ್ಯಾಂಕು ಅದನ್ನು ಗ್ರಾಹಕರ ಖಾತೆಗೆ ಹಾಕಲು ಎರಡು ಗಂಟೆಗಳ ಅವಕಾಶವಿದೆ. ಸಾಮಾನ್ಯವಾಗಿ ಅಷ್ಟು ಹೊತ್ತು ಹಿಡಿಯುವುದಿಲ್ಲ. ಆದರೂ 10.32ರ ಹಣ ಮಧ್ಯಾಹ್ನ ಒಂದು ಗಂಟೆಗೆ ಸೇರಿದರೆ ನಿಯಮ ಮುರಿದಂತಲ್ಲ.

ಮೊದಲು ಸ್ಥಿತಿ ಇನ್ನೂ ಕಷ್ಟವಿತ್ತು. 2017ರ ಜುಲೈವರೆಗೆ ಬ್ಯಾಚ್‌ಗಳು ತಾಸಿಗೊಂದರಂತೆ ನಡೆಯುತ್ತಿದ್ದವು. ಆಮೇಲೆ ಅರ್ಧ ಗಂಟೆಗೊಂದಾಗಿ, ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ 23 ಬ್ಯಾಚ್‌ಗಳಾದವು. ಆದರೆ ಬ್ಯಾಂಕಿನ ರಜೆಗೆ ಅವುಗಳಿಗೂ ರಜೆ. ಎರಡನೇ ಶನಿವಾರದ ಹಿಂದಿನ ಸಂಜೆ ತಡವಾಗಿ ಕಳಿಸಿದ ಹಣ ಸೋಮವಾರದ ಮೊದಲ ಬ್ಯಾಚ್‌ವರೆಗೆ ಕಾಯಬೇಕಿತ್ತು. 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ, ರಜೆ ದಿನ ಎನ್ನದೆ ದಿನಕ್ಕೆ 48 ಬ್ಯಾಚ್ ನಡೆಯುತ್ತಿವೆ.

ಅಂತರ ಕಿರಿದಾದಷ್ಟೂ ತಡ ಇಳಿಯುತ್ತದೆ, ಜೊತೆಗೇ ವಜಾ ಹಾಕುವ ಲಾಭವೂ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಅ’ದ ಗ್ರಾಹಕರು 10.35ಕ್ಕೂ ‘ಬ’ದ ಗ್ರಾಹಕರು 10.55ಕ್ಕೂ ಕಳಿಸಿದ್ದು ಒಂದೇ ಬ್ಯಾಚ್‌ನಲ್ಲಿ ಸಿಕ್ಕಿದ್ದರಿಂದಲೇ 40 ಲಕ್ಷಕ್ಕೆ 35 ಲಕ್ಷ ವಜಾ ಆದದ್ದು. ಐದೈದು ನಿಮಿಷಕ್ಕೆ ಬ್ಯಾಚ್ ನಡೆದಿದ್ದರೆ ‘ಅ’ ಮೊದಲು 40 ಲಕ್ಷವನ್ನೂ ಹೊಂದಿಸಿ ಕೊಡಬೇಕಿತ್ತು, ಇಪ್ಪತ್ತು ನಿಮಿಷದ ನಂತರ 35 ಲಕ್ಷ ಹಿಂದೆ ಬರುತ್ತಿತ್ತು.

ಯುಪಿಐ, ಐಎಂಪಿಎಸ್ ಕ್ಷಣದಲ್ಲೇ ಹಣ ಸೇರಿಸುತ್ತವಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಅಲ್ಲಿಯೂ ಬ್ಯಾಂಕುಗಳು ಪರಸ್ಪರ ಲೆಕ್ಕ ಮುಗಿಸುವುದು ಆಮೇಲೆ, ಬ್ಯಾಚ್‌ಗಳಲ್ಲಿಯೇ. ಗ್ರಾಹಕರಿಗೆ ಮಾತ್ರ ಅವರ ಬ್ಯಾಂಕು ಮುಂಚಿತವಾಗಿ ಕೊಟ್ಟುಬಿಡುತ್ತದೆ. ಅಂದರೆ ಕಾಯುವ ಹೊರೆ ಗ್ರಾಹಕರಿಂದ ಬ್ಯಾಂಕಿನ ತಲೆಗೆ ಹೋಯಿತು. ಎದುರು ಬ್ಯಾಂಕು ಕೈಕೊಟ್ಟರೆ ಎಂಬ ಅಪಾಯಕ್ಕಾಗಿ ಪ್ರತಿ ಬ್ಯಾಂಕಿಗೂ ಬಾಕಿಯ ಮಿತಿ, ಮುಂಗಡ ಭದ್ರತೆಗಳನ್ನು ಇಟ್ಟಿರುತ್ತಾರೆ.

ಇನ್ನು ಎಡವಟ್ಟುಗಳ ವಿಚಾರ. ಸೂರತ್ತಿನ ಖಾತೆಯ ಒಂದು ಅಂಕಿ ತಪ್ಪಾಗಿ, ಅಂಥ ಖಾತೆಯೇ ಇಲ್ಲದಿದ್ದರೆ 11 ಗಂಟೆಯ ಇಡೀ ಬ್ಯಾಚನ್ನು ನಿಲ್ಲಿಸಬೇಕೆ? ಬೇಕಿಲ್ಲ, ನಿಲ್ಲಿಸುವುದೂ ಇಲ್ಲ. ಚುಕ್ತಾ ಲೆಕ್ಕದಲ್ಲಿ ಆ 80,000 ಕೂಡ ಸೇರಿ ಸೂರತ್ತಿನ ಬ್ಯಾಂಕಿಗೆ ದಾಟುತ್ತದೆ. ಖಾತೆ ಸಿಗದಿದ್ದಾಗ ಆ ಬ್ಯಾಂಕು ಎರಡು ಗಂಟೆಯೊಳಗೆ ಅದನ್ನು ಹಿಂದಿರುಗಿಸಬೇಕು. ಹೀಗೆ ಹಿಂದಿರುಗುವ ಹಣ ಹೊಸ ಪಾವತಿಯಂತೆ ಮುಂದಿನ ಯಾವುದೋ ಬ್ಯಾಚ್ ಹತ್ತಿ ಬರುತ್ತದೆ. ಮುಗಿದ ಬ್ಯಾಚನ್ನು ಮತ್ತೆ ಬಿಚ್ಚುವ ಪ್ರಸಂಗವೇ ಇಲ್ಲ. ಖಾತೆಗೆ ಹಾಕಲು ಅಥವಾ ಹಿಂದಿರುಗಿಸಲು ತಡ ಮಾಡಿದ ಬ್ಯಾಂಕು ರೆಪೊ ದರಕ್ಕೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕು.

ಆ ತಪ್ಪು ಅಂಕಿ ಬೇರೆ ಯಾರದೋ ನಿಜವಾದ ಖಾತೆಯಾಗಿದ್ದರೆ ಪರಿಸ್ಥಿತಿಯೇ ಬೇರೆ. ನೆಫ್ಟ್ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ವ್ಯವಸ್ಥೆಯ ಕಣ್ಣಿಗೆ ಅದು ಯಶಸ್ವಿ ಪಾವತಿ, ತಾನಾಗಿ ಹಿಂದಿರುಗುವುದಿಲ್ಲ. ಇದಕ್ಕಾಗಿಯೇ, ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತು. ಬ್ಯಾಚ್ ಹೊರಟ ಮೇಲೆ ಹಿಡಿಯಲಾಗದ ತಪ್ಪನ್ನು ಬ್ಯಾಚ್ ಹತ್ತುವ ಮೊದಲೇ ಹಿಡಿಯುವ ಏರ್ಪಾಡು ಇದು.

ಒಂದು ಪಾವತಿಯ ಬದಲು ಒಂದು ಬ್ಯಾಂಕೇ ಎಡವಿದರೆ ಪೆಟ್ಟು ದೊಡ್ಡದು. ‘ಅ’ ಬ್ಯಾಂಕಿನ ಬಳಿ ಆ 3 ಲಕ್ಷ ಇಲ್ಲ ಎಂದಿಟ್ಟುಕೊಳ್ಳೋಣ. ಅದರ ಲೆಕ್ಕವನ್ನೆಲ್ಲ ಬ್ಯಾಚ್‌ನಿಂದ ಹೊರತೆಗೆದರೆ, ಹೋಗುವುದು ಬರುವುದು ಸೇರಿ 1 ಕೋಟಿ 13 ಲಕ್ಷದ ಪಾವತಿ ನಿಂತುಹೋಗುತ್ತದೆ. 3 ಲಕ್ಷ ಬರುತ್ತದೆಂದು ಕಾದಿದ್ದ ‘ಬ’ ಈಗ ‘ಕ’ಗೆ 2 ಲಕ್ಷ ತಾನೇ ಕೊಡಬೇಕಾಗುತ್ತದೆ. ಏನೂ ತಪ್ಪು ಮಾಡದವರ ಲೆಕ್ಕವೂ ತಲೆಕೆಳಗು. ರಾತ್ರಿ ಹೊತ್ತಿನಲ್ಲಿ ಬ್ಯಾಂಕುಗಳು ಹೊರಗಿನಿಂದ ಹಣ ಹೊಂದಿಸುವುದು ಕಷ್ಟ. ಹಾಗಾಗಿ 24 ಗಂಟೆಯ ನೆಫ್ಟ್ ಆರಂಭಿಸುವಾಗಲೇ, ಅಡಮಾನದ ಮೇಲೆ ಬ್ಯಾಂಕುಗಳಿಗೆ ತಾತ್ಕಾಲಿಕವಾಗಿ ಹಣ ಒದಗಿಸುವ ವ್ಯವಸ್ಥೆಯನ್ನೂ ರಿಸರ್ವ್ ಬ್ಯಾಂಕು ಮಾಡಿತು.

ಮೂರನೆಯ ಎಡವಟ್ಟು ಹೊರನೋಟಕ್ಕೆ ಕಾಣುವುದೇ ಇಲ್ಲ. ಬ್ಯಾಚ್ ಸರಿಯಾಗಿ ನಡೆಯುತ್ತದೆ, ಆದರೆ ಎರಡು ಸಲ ನಡೆಯುತ್ತದೆ. ಬ್ರಿಟನ್ನಿನ ಸ್ಯಾಂಟ್ಯಾಂಡರ್ ಬ್ಯಾಂಕಿನಲ್ಲಿ 2021ರ ಕ್ರಿಸ್‌ಮಸ್ ದಿನ ಆದದ್ದು ಇದೇ. ಸುಮಾರು 2,000 ವ್ಯಾಪಾರಿ ಖಾತೆಗಳಿಂದ ಹೊರಟ ಸಂಬಳ ಮತ್ತಿತರ ಪಾವತಿಗಳು, ವೇಳಾಪಟ್ಟಿಯ ದೋಷದಿಂದ ಮತ್ತೊಮ್ಮೆ ಹೊರಟವು. ಸುಮಾರು 75,000 ಪಾವತಿಗಳಲ್ಲಿ 13 ಕೋಟಿ ಪೌಂಡ್ ಹೆಚ್ಚುವರಿಯಾಗಿ ಹೋಯಿತು. ಎರಡನೇ ಸಲದ ಹಣ ಬ್ಯಾಂಕಿನದೇ ಆಗಿತ್ತು. ಬಹಳಷ್ಟು ಹಣ ಬೇರೆ ಬ್ಯಾಂಕುಗಳ ಗ್ರಾಹಕರ ಖಾತೆಗೆ ಸೇರಿದ್ದರಿಂದ ಅದನ್ನು ವಾಪಸ್ ಪಡೆಯಲು ಆ ಬ್ಯಾಂಕುಗಳ ನೆರವು ಕೇಳಬೇಕಾಯಿತು.

ಇದೇ ಎಡವಟ್ಟು ಚಿಕ್ಕ ಪ್ರಮಾಣದಲ್ಲಿ ಯಾವ ಕಚೇರಿಯಲ್ಲಾದರೂ ಆಗಬಹುದು. 240 ನೌಕರರ ಸಂಬಳದ ಕಡತವನ್ನು ಲೆಕ್ಕಿಗರು ಬ್ಯಾಂಕಿನ ಪೋರ್ಟಲ್‌ಗೆ ಅಪ್‌ಲೋಡ್ ಮಾಡುತ್ತಾರೆ. ಪರದೆ ಅರ್ಧದಲ್ಲಿ ನಿಂತುಹೋಗುತ್ತದೆ. ಕಡತ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಗಾಬರಿಯಲ್ಲಿ ಅದೇ ಕಡತವನ್ನು ಹೊಸ ಹೆಸರಿಟ್ಟು ಮತ್ತೆ ಹಾಕಿದರೆ, ಎರಡೂ ತಲುಪಿದ ಪಕ್ಷದಲ್ಲಿ 240 ಜನಕ್ಕೂ ಎರಡೆರಡು ಸಂಬಳ. ಅದೇ ಹೆಸರು, ಅದೇ ಉಲ್ಲೇಖ ಸಂಖ್ಯೆಯಿದ್ದರೆ, ಅದನ್ನು ಗುರುತಿಸುವಂತೆ ರೂಪಿಸಿದ ಪೋರ್ಟಲ್ ‘ಇದು ಆಗಲೇ ಬಂದಿದೆ’ ಎಂದು ಎರಡನೆಯದನ್ನು ತಳ್ಳಿಹಾಕುತ್ತದೆ.

ಕಡತ ಸ್ವೀಕಾರವಾಗಿದೆ ಎಂದರೆ ಸಂಬಳ ಸೇರಿದೆ ಎಂದಲ್ಲ ಎಂಬುದನ್ನೂ ಗಮನಿಸಬೇಕು. ನೆಫ್ಟ್‌ನಲ್ಲಿ ಹೋದ ಪ್ರತಿ ಪಾವತಿಗೂ ಯುಟಿಆರ್ ಎಂಬ 16 ಅಕ್ಷರ-ಅಂಕಿಗಳ ಪ್ರತ್ಯೇಕ ಗುರುತು ಸಿಗುತ್ತದೆ. ಸ್ಥಿತಿ ನೋಡಬೇಕಾದ್ದು ಆ ಗುರುತಿನ ಮೇಲೆ, ಸಾಲು ಸಾಲಾಗಿ. ಬ್ಯಾಚ್ ಮುಗಿದು ಎರಡು ಗಂಟೆ ಕಳೆಯುವವರೆಗೆ ಯಾವ ಸಾಲು ಹಿಂದಿರುಗುತ್ತದೆಂದು ಖಚಿತವಾಗಿ ಹೇಳಲಾಗದು. 236 ಜಮೆಯಾಗಿ 4 ಹಿಂದಿರುಗಿದ್ದರೆ, ಆ ನಾಲ್ವರ ಖಾತೆ ಸಂಖ್ಯೆಯನ್ನು ಪಾಸ್‌ಬುಕ್ ನೋಡಿ ತಿದ್ದಿ, ಹಿಂದಿರುಗಿದ ಹಣ ಸಂಸ್ಥೆಯ ಖಾತೆಗೆ ಬಂದಿದೆಯೇ ಎಂದು ಪರಿಶೀಲಿಸಿ, ಅವರದಷ್ಟೇ ಹೊಸ ಕಡತ ಮಾಡಿ ಕಳಿಸಬೇಕು. ಆ ನಾಲ್ವರಲ್ಲಿ ಯಾರಿಗಾದರೂ ಅಂದೇ ಮನೆ ಬಾಡಿಗೆ ಕಟ್ಟುವ ತುರ್ತಿದ್ದರೆ, ಮೊತ್ತ 5 ಲಕ್ಷದೊಳಗಿದ್ದಾಗ ಐಎಂಪಿಎಸ್‌ನಲ್ಲಿ ಪ್ರತ್ಯೇಕವಾಗಿ ಕಳಿಸುವ ದಾರಿಯೂ ಇದೆ.