ಮೇ ತಿಂಗಳ ಶೂಟಿಂಗಿಗೆ ಡಿಸೆಂಬರ್ ಬಿಸಿಲು ನಂಬಬೇಡಿ

ಸಿನಿಮಾಕ್ಕೆ ಜಾಗ ನೋಡಲು ಹೋದವರು ನೂರಾರು ಫೋಟೋ ತೆಗೆದು ತರುತ್ತಾರೆ. ಲೊಕೇಶನ್ ವರದಿ ಬರೆಯಲು ಕೂತಾಗ ಮಾತ್ರ ‘ಕರೆಂಟ್ ಇದೆ, ಗಲಾಟೆ ಇಲ್ಲ, ಬೆಳಕು ಚೆನ್ನಾಗಿದೆ’ ಎಂದು ಮೂರು ಸಾಲು ಗೀಚಿ ಮುಗಿಸುತ್ತಾರೆ. ಈ ಮೂರರಿಂದಲೂ ಕ್ಯಾಮೆರಾದವರಿಗಾಗಲೀ ಸೌಂಡಿನವರಿಗಾಗಲೀ ಕಾಸಿನ ಪ್ರಯೋಜನವಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಹಳೇ ತೊಟ್ಟಿಮನೆಯನ್ನೇ ತೆಗೆದುಕೊಳ್ಳಿ. ತೊಟ್ಟಿಯ ಸುತ್ತಲಿನ ಜಗಲಿಯಲ್ಲಿ ತಾಯಿ–ಮಗಳ ಮಾತುಕತೆ, ಹೊತ್ತು ಮಧ್ಯಾಹ್ನ, ಧ್ವನಿ ಸ್ಥಳದಲ್ಲೇ ರೆಕಾರ್ಡ್ ಆಗಬೇಕು. ಜಾಗ ನೋಡಿದ್ದು ಡಿಸೆಂಬರಿನಲ್ಲಿ, ಶೂಟಿಂಗ್ ಮೇ ತಿಂಗಳಲ್ಲಿ.

ಮೊದಲ ಪೆಟ್ಟು ಬೀಳುವುದೇ ಬೆಳಕಿಗೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮ ಮಲೆನಾಡಿನಲ್ಲಿ ನಡುಮಧ್ಯಾಹ್ನವೂ ಅವನು ಏರುವುದು ಸುಮಾರು 53 ಡಿಗ್ರಿಯಷ್ಟೇ. ಹಾಗಾಗಿ ಬಿಸಿಲು ತೊಟ್ಟಿಯೊಳಗೆ ಓರೆಯಾಗಿ ಇಳಿದು ಉತ್ತರದ ಜಗಲಿಯತ್ತ ಚಾಚುತ್ತದೆ. ನಿರ್ದೇಶಕರು ಮರುಳಾಗುವುದು ಈ ಓರೆ ಬಿಸಿಲಿಗೇ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ತುಸು ಉತ್ತರದಲ್ಲಿರುತ್ತಾನೆ. ಮೇ ತಿಂಗಳಲ್ಲಿ ಅದೇ ಬಿಸಿಲು ನೆಟ್ಟಗೆ ತೊಟ್ಟಿಯ ನೆಲಕ್ಕೆ ಬಡಿಯುತ್ತದೆ, ಸೂರಿನ ಕೆಳಗೆ ಕೂತ ತಾಯಿಯ ಮುಖ ಕಪ್ಪಾಗುತ್ತದೆ. ಮೊಬೈಲಿನ ದಿಕ್ಸೂಚಿ ಹಿಡಿದು ತೊಟ್ಟಿ ಯಾವ ದಿಕ್ಕಿಗಿದೆ, ಸೂರು ಎಷ್ಟು ಚಾಚಿದೆ ಎಂದು ಗುರುತು ಹಾಕಿಕೊಂಡು, ಸೂರ್ಯನ ಹಾದಿ ತೋರಿಸುವ ಆ್ಯಪಿನಲ್ಲಿ ಶೂಟಿಂಗಿನ ತಾರೀಕು ಹಾಕಿ ನೋಡಬೇಕು. ಕಬ್ಬಿಣದ ಗೇಟಿನ ಪಕ್ಕ, ಕಾರಿನ ಬಾನೆಟ್ಟಿನ ಮೇಲೆ ಇಟ್ಟರೆ ದಿಕ್ಸೂಚಿ ಸುಳ್ಳು ಹೇಳುತ್ತದೆ. ವರದಿಯಲ್ಲಿ ಹೀಗೆ ಬರೆದರೆ ಉಪಯೋಗ: ‘ಮೇ ತಿಂಗಳಲ್ಲಿ ಮಧ್ಯಾಹ್ನ ಜಗಲಿಗೆ ನೇರ ಬಿಸಿಲಿಲ್ಲ. ಓರೆ ಬಿಸಿಲೇ ಬೇಕಿದ್ದರೆ ಬೆಳಗ್ಗೆ ಚಿತ್ರಿಸಬೇಕು, ಇಲ್ಲವೇ ದೀಪ ಕಟ್ಟಬೇಕು.’

ದೀಪ ಎಂದ ತಕ್ಷಣ ಕರೆಂಟಿನ ಪ್ರಶ್ನೆ. ಬಿಸಿಲಿಗೆ ಸಮನಾಗಿ ನಿಲ್ಲಲು ಎರಡೂವರೆ ಕಿಲೋವ್ಯಾಟಿನ ಎಚ್‌ಎಂಐ ದೀಪ ಎರಡು ಎಂದುಕೊಂಡರೂ ಐದು ಕಿಲೋವ್ಯಾಟ್ ಆಯಿತು. ಮನೆಗೆ ಮಂಜೂರಾದ ಲೋಡ್ ಎಷ್ಟೆಂಬುದು ಮೆಸ್ಕಾಂ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಬಿಲ್ಲಿನ ಫೋಟೋ ವರದಿಗೆ ಅಂಟಿಸಿ. ಅಲ್ಲಿ ಎರಡು ಕಿಲೋವ್ಯಾಟ್ ಎಂದಿದ್ದರೆ ಮುಂದಿನ ಚರ್ಚೆಯೇ ಬೇಡ, ಜನರೇಟರ್ ವ್ಯಾನ್ ತರಿಸಬೇಕು. ಆಗ ನೋಡಬೇಕಾದದ್ದು ದಾರಿ. ತೋಟದ ಮೋರಿ ಆ ವ್ಯಾನಿನ ಭಾರ ತಡೆದೀತೇ, ಹಲಸಿನ ಕೊಂಬೆ ಅಡ್ಡ ಬರುತ್ತದೆಯೇ, ಶಬ್ದ ಕೇಳದಷ್ಟು ದೂರ ನಿಲ್ಲಿಸಿದರೆ ಜಗಲಿಯವರೆಗೆ ಎಷ್ಟು ಮೀಟರ್ ಕೇಬಲ್ ಬೇಕು? ಹೆಜ್ಜೆ ಲೆಕ್ಕ ಸಾಲದು, ಟೇಪ್ ಹಿಡಿದೇ ಅಳೆಯಿರಿ.

ಶಬ್ದದ ವಿಷಯದಲ್ಲಿ ಮನೆಯವರ ಮಾತು ನಂಬುವಂತಿಲ್ಲ. ಅವರು ಸುಳ್ಳು ಹೇಳುತ್ತಾರೆಂದಲ್ಲ, ದಿನಾ ಕೇಳುವ ಸದ್ದು ಅವರ ಕಿವಿಗೆ ಬೀಳುವುದೇ ಇಲ್ಲ. ಹಿತ್ತಿಲಿನ ಪಂಪ್‌ಸೆಟ್ ಕರೆಂಟ್ ಬಂದಾಗ ತಾನಾಗಿ ಶುರುವಾಗುತ್ತದೆ. ಮೇ ತಿಂಗಳೆಂದರೆ ಮದುವೆ, ಜಾತ್ರೆಗಳ ಕಾಲ; ಧ್ವನಿವರ್ಧಕದ ಹಾಡು ಗುಡ್ಡ ದಾಟಿ ಬರುತ್ತದೆ. ಸಂಜೆಯಾದರೆ ಜೀರುಂಡೆ. ಚಿತ್ರೀಕರಣದ ಹೊತ್ತಿನಲ್ಲೇ ಜಗಲಿಯಲ್ಲಿ ಸುಮ್ಮನೆ ಕೂತು, ಗಂಟೆಗೊಮ್ಮೆ ಎರಡು ನಿಮಿಷ ರೆಕಾರ್ಡ್ ಮಾಡಿ. ಎಷ್ಟು ಹೊತ್ತಿಗೆ ಯಾವ ಸದ್ದು, ಯಾರಿಗೆ ಹೇಳಿದರೆ ನಿಲ್ಲುತ್ತದೆ ಎಂಬುದನ್ನೂ ಬರೆಯಿರಿ. ಪಂಪ್ ನಿಲ್ಲಿಸಲು ಪಕ್ಕದ ತೋಟದವರು ಒಪ್ಪಬಹುದು. ಜೀರುಂಡೆ ಯಾರ ಮಾತೂ ಕೇಳುವುದಿಲ್ಲ.

ಅನುಮತಿಯಲ್ಲಿ ಎಡವುವುದು ಕಚೇರಿಗಿಂತ ಹೆಚ್ಚಾಗಿ ಮನೆಯೊಳಗೇ. ಇಂಥ ಮನೆಗಳು ಎಷ್ಟೋ ಸಲ ಪಾಲಾಗದ ಆಸ್ತಿ. ಊರಲ್ಲಿರುವ ಅಣ್ಣ ‘ಧಾರಾಳವಾಗಿ ಮಾಡಿ’ ಎಂದಿರುತ್ತಾರೆ. ಶೂಟಿಂಗಿನ ದಿನ ಬೆಂಗಳೂರಿನ ತಮ್ಮ ಬಂದು ನಿಲ್ಲುತ್ತಾರೆ. ಹಕ್ಕುದಾರರೆಲ್ಲರ ಸಹಿ ಇರುವ ಪತ್ರ ಬೇಕು, ಯಾವ ಕೋಣೆ, ಎಷ್ಟು ದಿನ, ಬಾಡಿಗೆ ಎಷ್ಟು ಎಂಬ ವಿವರದೊಂದಿಗೆ. ರಸ್ತೆಯಲ್ಲಿ ವ್ಯಾನ್ ನಿಲ್ಲುವುದಾದರೆ ಪಂಚಾಯಿತಿಗೂ ಠಾಣೆಗೂ ತಿಳಿಸಬೇಕು. ಹಿಂದಿನ ಕಾಡು ಒಂದೇ ಶಾಟಿನಲ್ಲಿ ಬಂದರೂ, ಕ್ಯಾಮೆರಾ ಇಡುವ ನೆಲ ಅರಣ್ಯ ಇಲಾಖೆಯದೇ ಎಂದು ವಿಚಾರಿಸಿಕೊಳ್ಳಿ.

ಉಳಿದದ್ದು ಶೌಚಾಲಯ, ಊಟ, ಆಸ್ಪತ್ರೆ. ನಲವತ್ತು ಜನರ ತಂಡಕ್ಕೆ ಮನೆಯ ಒಂದೇ ಬಚ್ಚಲು ಸಾಲುವುದಿಲ್ಲ. ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಬರೆದರೆ ಮಲೆನಾಡಿನ ತಿರುವಿನ ದಾರಿಯಲ್ಲಿ ಅರ್ಥವಿಲ್ಲ, ನಿಮಿಷದಲ್ಲಿ ಬರೆಯಿರಿ. ತೋಟದಲ್ಲಿ ಓಡಾಡುವ ತಂಡವಾದ್ದರಿಂದ, ಹಾವು ಕಡಿದರೆ ಕೊಡುವ ಔಷಧ ಅಲ್ಲಿ ಇದೆಯೇ ಎಂದು ಖುದ್ದಾಗಿ ಹೋಗಿ ಕೇಳಿ. ಮನೆಯಂಗಳದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ, ಅದು ಸಿಗುವ ಹತ್ತಿರದ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ.

ವರದಿಯ ತಲೆಯಲ್ಲಿ ನೋಡಿದ ತಾರೀಕು, ಹೊತ್ತು ತಪ್ಪದೆ ಹಾಕಿ. ಶೂಟಿಂಗ್ ಮುಂದಕ್ಕೆ ಹೋದರೆ ಬೆಳಕು ಮತ್ತು ಶಬ್ದದ ಪುಟಗಳನ್ನು ಹರಿದು ಹಾಕಿ, ಮತ್ತೊಮ್ಮೆ ಹೋಗಿ ನೋಡಿ ಬರೆಯಿರಿ.