ತಿರುಚಿದ ಸೀಮೆಸುಣ್ಣ ಓರೆಯಾಗಿ ಮುರಿಯುವುದೇಕೆ?

ಸೀಮೆಸುಣ್ಣದ ಕಡ್ಡಿಯನ್ನು ಎರಡು ತುದಿಗಳಲ್ಲಿ ಹಿಡಿದು ಎಳೆದರೆ ಅದು ಅಡ್ಡಕ್ಕೆ ನೇರವಾಗಿ ತುಂಡಾಗುತ್ತದೆ. ಬಟ್ಟೆ ಹಿಂಡುವಂತೆ ತಿರುಚಿದರೆ ಬಿರುಕು ಸುಮಾರು 45 ಡಿಗ್ರಿ ಓರೆಯಾಗಿ, ಸುರುಳಿಯಂತೆ ಸುತ್ತುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಪ್ರಧಾನ ಪೀಡನ.

ವಸ್ತುವಿನೊಳಗೆ ಒಂದು ಚದರ ಮಿಲಿಮೀಟರ್ ವಿಸ್ತೀರ್ಣದ ಮೇಲೆ ಬೀಳುವ ಬಲವೇ ಪೀಡನ. ಅದರಲ್ಲಿ ಎರಡು ಬಗೆ. ಮೇಲ್ಮೈಗೆ ಲಂಬವಾಗಿ ಎಳೆಯುವುದು ಅಥವಾ ಒತ್ತುವುದು ಒಂದು. ಮೇಲ್ಮೈಯ ಗುಂಟ ಜಾರಿಸುವುದು ಇನ್ನೊಂದು. ಬಿಂದು ಒಂದೇ ಆದರೂ ಅದರ ಮೂಲಕ ಬೇರೆ ಬೇರೆ ಕೋನದಲ್ಲಿ ಸೀಳಿ ನೋಡಿದರೆ ಈ ಎರಡರ ಪ್ರಮಾಣ ಬದಲಾಗುತ್ತದೆ. ಕೆಲವು ಸೀಳುಗಳಲ್ಲಿ ಮಾತ್ರ ಜಾರಿಸುವ ಭಾಗ ಸೊನ್ನೆಯಾಗಿ, ಬರೀ ಎಳೆತ ಅಥವಾ ಒತ್ತು ಉಳಿಯುತ್ತದೆ. ಆ ಸೀಳುಗಳಿಗೆ ಲಂಬವಾದ ದಿಕ್ಕುಗಳೇ ಪ್ರಧಾನ ದಿಕ್ಕುಗಳು, ಅಲ್ಲಿನ ಪೀಡನಗಳೇ ಪ್ರಧಾನ ಪೀಡನಗಳು. ಆ ಬಿಂದುವಿನ ಅತಿ ದೊಡ್ಡ ಎಳೆತ ಇವುಗಳಲ್ಲೊಂದು.

ಬಾಗುತ್ತಲೂ ತಿರುಚಿಕೊಳ್ಳುತ್ತಲೂ ಇರುವ ಯಂತ್ರದ ಶಾಫ್ಟ್ ಒಂದನ್ನು ಗಮನಿಸಬಹುದು. ಅದರ ಮೇಲ್ಮೈಯ ಒಂದು ಬಿಂದುವಿನಲ್ಲಿ ಬಾಗುವಿಕೆಯಿಂದ ಉದ್ದಕ್ಕೆ 80 ಮೆಗಾಪ್ಯಾಸ್ಕಲ್ ಎಳೆತ, ತಿರುಚುವಿಕೆಯಿಂದ 30 ಮೆಗಾಪ್ಯಾಸ್ಕಲ್ ಜಾರುಪೀಡನ ಇದೆ ಎಂದಿಟ್ಟುಕೊಂಡರೆ, ಪೀಡನ ಮಾತೃಕೆ ಹೀಗಿರುತ್ತದೆ:

```
80  30
30   0
```

ಪ್ರಧಾನ ದಿಕ್ಕಿನ ಗುರುತು ಸರಳ: ಮಾತೃಕೆಯಿಂದ ಗುಣಿಸಿದಾಗ ಆ ದಿಕ್ಕು ತಿರುಗುವುದಿಲ್ಲ, ಅದರ ಅಳತೆ ಮಾತ್ರ ಬದಲಾಗುತ್ತದೆ. ಇದರಿಂದ σ² − 80σ − 900 = 0 ಎಂಬ ಸಮೀಕರಣ ಬರುತ್ತದೆ. ಉತ್ತರಗಳು 90 ಮತ್ತು −10. ಅಂದರೆ 90 ಎಳೆತ, 10 ಒತ್ತು. ಬಾಗುವಿಕೆಯ 80 ಅನ್ನಷ್ಟೇ ನೋಡಿ ವಿನ್ಯಾಸ ಮಾಡಿದವರಿಗೆ ಈ 90 ಕಣ್ಣಿಗೆ ಬೀಳುವುದೇ ಇಲ್ಲ.

ಕೋನವನ್ನು tan 2θ = 2×30/80 ಸೂತ್ರ ಕೊಡುತ್ತದೆ. ಆದರೆ ಅದರಿಂದ 18.4 ಮತ್ತು 108.4 ಡಿಗ್ರಿ ಎಂಬ ಎರಡು ಕೋನಗಳು ಸಿಗುತ್ತವೆ. ಯಾವುದು 90ಕ್ಕೆ ಸೇರಿದ್ದೆಂದು ಸೂತ್ರ ಹೇಳುವುದಿಲ್ಲ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಗುಣಿಸಿ ನೋಡಿದರೆ ಸಂಶಯ ತೀರುತ್ತದೆ. 18.4 ಡಿಗ್ರಿಯ ದಿಕ್ಕು (3, 1). ಅದನ್ನು ಮಾತೃಕೆಯಿಂದ ಗುಣಿಸಿದರೆ (270, 90), ಅಂದರೆ ಅದರ ಸರಿಯಾಗಿ 90 ಪಟ್ಟು. ಇದಕ್ಕೆ ಲಂಬವಾದ (1, −3) ದಿಕ್ಕು (−10, 30) ಆಗುತ್ತದೆ, ಅಂದರೆ −10 ಪಟ್ಟು. ಇನ್ನೂ ಒಂದು ತಾಳೆ ಇದೆ: 90 ಮತ್ತು −10ರ ಮೊತ್ತ ಮಾತೃಕೆಯ ಕರ್ಣದ ಮೊತ್ತವಾದ 80ಕ್ಕೆ ಸಮನಾಗಿರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪಿದೆ.

ಸೀಮೆಸುಣ್ಣವನ್ನು ತಿರುಚಿದಾಗ ಕರ್ಣದಲ್ಲಿ ಎರಡೂ ಸೊನ್ನೆ, ಜಾರುಪೀಡನ ಮಾತ್ರ ಇರುತ್ತದೆ. ಆಗ ಪ್ರಧಾನ ದಿಕ್ಕುಗಳು ಕಡ್ಡಿಯ ಉದ್ದಕ್ಕೆ 45 ಡಿಗ್ರಿಯಲ್ಲಿ ನಿಲ್ಲುತ್ತವೆ. ಎಳೆತ ತಾಳದ ಸೀಮೆಸುಣ್ಣ ಆ ಎಳೆತಕ್ಕೆ ಅಡ್ಡವಾಗಿ ಬಿರಿಯುತ್ತದೆ. ಮೆದು ಉಕ್ಕಿನ ಸರಳು ಹಾಗಲ್ಲ. ಅದು ಸೋಲುವುದು ಜಾರುವಿಕೆಗೆ. ಆದ್ದರಿಂದ ತಿರುಚಿದಾಗ ಅಡ್ಡಕ್ಕೆ ನೇರವಾಗಿಯೇ ತುಂಡಾಗುತ್ತದೆ.