ಹದಿನೈದು ಯೂನಿಟ್‌ಗೆ ಒಂದೂವರೆ ಲಕ್ಷ

ಎಲೆಕ್ಟ್ರಿಕ್ ಕಾರು ಬುಕ್ ಮಾಡಲು ಹೋದವರಿಗೆ ಶೋರೂಮಿನಲ್ಲಿ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: "ಸರ್, ಇನ್ನೊಂದೂವರೆ ಲಕ್ಷ ಹಾಕಿ ದೊಡ್ಡ ಬ್ಯಾಟರಿನೇ ತಗೊಳ್ಳಿ, ಟೆನ್ಷನ್ ಇರಲ್ಲ." ಈ ಮಾತು ಕೆಲವರ ಪಾಲಿಗೆ ನಿಜ, ಇನ್ನು ಕೆಲವರ ಪಾಲಿಗೆ ದಂಡ. ನೀವು ಯಾವ ಗುಂಪಿನವರು ಎಂಬುದನ್ನು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಕೇಳಿ ಹೇಳಲಾಗದು. ಕೇಳಬೇಕಾದ್ದು ವರ್ಷಕ್ಕೆ ಎಷ್ಟು ಸಲ ಯಾವ ರಸ್ತೆಯಲ್ಲಿ ಊರಿಗೆ ಹೋಗುತ್ತೀರಿ ಎಂದು.

ಟಾಟಾ ನೆಕ್ಸಾನ್ ಇವಿಯನ್ನೇ ಉದಾಹರಣೆಯಾಗಿ ಹಿಡಿಯೋಣ. ಅದು 30 ಮತ್ತು 45 ಕಿಲೋವ್ಯಾಟ್-ಅವರ್ ಎಂಬ ಎರಡು ಬ್ಯಾಟರಿಗಳಲ್ಲಿ ಬಂದಿದೆ. ಒಂದು ಕಿಲೋವ್ಯಾಟ್-ಅವರ್ ಎಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಹಾಗಾಗಿ ಇನ್ನು ಮುಂದೆ ಯೂನಿಟ್ ಎಂದೇ ಹೇಳುತ್ತೇನೆ. ಬೆಲೆ ಮಾಡೆಲ್ ಮತ್ತು ತಿಂಗಳಿಗೆ ತಕ್ಕಂತೆ ಬದಲಾಗುವುದರಿಂದ, ಲೆಕ್ಕಕ್ಕೆಂದು ವ್ಯತ್ಯಾಸ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳೋಣ. ಅಂದರೆ ಹೆಚ್ಚುವರಿ ಯೂನಿಟ್ ಒಂದಕ್ಕೆ ಹತ್ತು ಸಾವಿರ ರೂಪಾಯಿ.

ಜಾಹೀರಾತಿನ ಅಂಕಿಯನ್ನು ಮೊದಲು ಬದಿಗಿಡಬೇಕು. 45 ಯೂನಿಟ್ ಕಾರಿಗೆ ಪರೀಕ್ಷಾ ಕೇಂದ್ರದಲ್ಲಿ ಸಿಕ್ಕ ದೂರ 489 ಕಿಲೋಮೀಟರ್. ರಸ್ತೆಯಲ್ಲಿ ನಿರೀಕ್ಷಿಸಬಹುದಾದದ್ದು 350ರ ಆಸುಪಾಸು ಎಂದು ಕಂಪನಿಯೇ ಹೇಳಿಕೊಂಡಿದೆ. ಹೆದ್ದಾರಿಯಲ್ಲಿ ನಾಲ್ಕು ಜನ, ಲಗೇಜು, ಏಸಿ ಇಟ್ಟುಕೊಂಡು ಗಂಟೆಗೆ 80-90ರ ವೇಗದಲ್ಲಿ ಹೋದರೆ ಯೂನಿಟ್‌ಗೆ ಸುಮಾರು ಆರು ಕಿಲೋಮೀಟರ್ ಎಂದು ಹಿಡಿಯುವುದು ಕ್ಷೇಮ. ಊರೊಳಗೆ ಏಳು ಬರುತ್ತದೆ. ನೂರು ದಾಟಿಸಿದರೆ ಗಾಳಿಯ ತಡೆಯೊಂದೇ ಸಾಕು, ಅಂಕಿ ಐದೂವರೆ, ಐದಕ್ಕೆ ಜಾರುತ್ತದೆ.

ಇನ್ನೊಂದು ವಿಷಯ ಬಹಳ ಮಂದಿಯ ಲೆಕ್ಕದಲ್ಲಿ ಬಿಟ್ಟುಹೋಗಿರುತ್ತದೆ. ದಾರಿಯಲ್ಲಿ ನಿಂತು ಫಾಸ್ಟ್ ಚಾರ್ಜ್ ಮಾಡುವಾಗ ಯಾರೂ ಬ್ಯಾಟರಿಯನ್ನು ನೂರರ ತನಕ ತುಂಬಿಸುವುದಿಲ್ಲ. 80 ಪರ್ಸೆಂಟ್ ಆದಮೇಲೆ ಬ್ಯಾಟರಿ ತಾನೇ ಕರೆಂಟ್ ಒಳಬರುವುದನ್ನು ತಗ್ಗಿಸುತ್ತದೆ. ಕೊನೆಯ ಇಪ್ಪತ್ತಕ್ಕೆ ಮೊದಲ ಎಪ್ಪತ್ತರಷ್ಟೇ ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ಅತ್ತ ಹತ್ತಕ್ಕಿಂತ ಕೆಳಗೆ ಇಳಿಸುವ ಧೈರ್ಯ ಯಾರಿಗೂ ಇಲ್ಲ. ಹೀಗಾಗಿ ಮನೆಯಿಂದ ಹೊರಟ ಮೊದಲ ಓಟ ಬಿಟ್ಟರೆ, ಮುಂದಿನ ಪ್ರತಿ ಓಟಕ್ಕೂ ಕೈಗೆ ಸಿಗುವುದು ಬ್ಯಾಟರಿಯ ಎಪ್ಪತ್ತು ಪರ್ಸೆಂಟ್ ಮಾತ್ರ. ಚಿಕ್ಕದರಲ್ಲಿ ಅದು 21 ಯೂನಿಟ್, ಸುಮಾರು 125 ಕಿಲೋಮೀಟರ್. ದೊಡ್ಡದರಲ್ಲಿ 31 ಯೂನಿಟ್ ಚಿಲ್ಲರೆ, 190 ಕಿಲೋಮೀಟರ್ ಹತ್ತಿರ.

ಬೆಂಗಳೂರಿನ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಸ್ವಂತ ಮನೆ, ಪಾರ್ಕಿಂಗ್‌ನಲ್ಲೇ ಚಾರ್ಜಿಂಗ್ ಪಾಯಿಂಟ್, ಆಫೀಸಿಗೆ ಹೋಗಿಬರಲು 40 ಕಿಲೋಮೀಟರ್, ಅಪ್ಪ ಅಮ್ಮ ಇರುವುದು ಮಂಗಳೂರಿನಲ್ಲಿ. ದಿನದ ಓಡಾಟಕ್ಕೆ ಆರು ಯೂನಿಟ್ ಸಾಕು, ಚಿಕ್ಕ ಬ್ಯಾಟರಿಯೇ ಧಾರಾಳ. ಮೈಸೂರಿಗೆ ಹೋಗಿ ಅದೇ ದಿನ ವಾಪಸ್ಸಾಗುವ ಪ್ರಯಾಣದಲ್ಲೂ ದೊಡ್ಡ ಬ್ಯಾಟರಿ ನಾವೆಣಿಸಿದಷ್ಟು ಉಪಕಾರ ಮಾಡುವುದಿಲ್ಲ. ಹೋಗಿಬರಲು 290 ಕಿಲೋಮೀಟರ್, 48 ಯೂನಿಟ್ ಬೇಕು. 45ರದ್ದೂ ಸಾಲದು! ಎರಡೂ ಕಾರುಗಳು ಮೈಸೂರಿನಲ್ಲಿ ಒಮ್ಮೆ ಚಾರ್ಜ್ ಆಗಲೇಬೇಕು. ಹೇಗೂ ಅಲ್ಲಿ ಕಾರು ನಾಲ್ಕೈದು ಗಂಟೆ ನಿಂತಿರುತ್ತದಾದ್ದರಿಂದ, ನಿಂತ ಜಾಗದ ಹತ್ತಿರ ಚಾರ್ಜರ್ ಸಿಕ್ಕರೆ ಚಿಕ್ಕದಕ್ಕೂ ತೊಂದರೆಯಿಲ್ಲ.

ವ್ಯತ್ಯಾಸ ಎದ್ದು ಕಾಣುವುದು ಮಂಗಳೂರು ದಾರಿಯಲ್ಲಿ. ಹಾಸನ ಸುಮಾರು 185 ಕಿಲೋಮೀಟರ್, ಅಲ್ಲಿಗೆ 31 ಯೂನಿಟ್ ಬೇಕು. ದೊಡ್ಡ ಬ್ಯಾಟರಿಯ ಕಾರು ಹಾಸನ ಮುಟ್ಟಿದಾಗ ಇನ್ನೂ 14 ಯೂನಿಟ್ ಉಳಿದಿರುತ್ತದೆ. ತಿಂಡಿ ಮುಗಿಯುವಷ್ಟರಲ್ಲಿ 80ಕ್ಕೆ ತುಂಬಿಸಿಕೊಂಡರೆ ಮಂಗಳೂರಿನ ತನಕ ಚಿಂತೆಯಿಲ್ಲ. ಚಿಕ್ಕದು ಹಾಸನವನ್ನೇ ತಲುಪದು. ಚನ್ನರಾಯಪಟ್ಟಣದಲ್ಲೊಮ್ಮೆ ನಿಲ್ಲಬೇಕು, ಘಾಟಿ ಇಳಿಯುವ ಮೊದಲು ಸಕಲೇಶಪುರದ ಆಸುಪಾಸಿನಲ್ಲಿ ಇನ್ನೊಮ್ಮೆ. ಇಳಿಜಾರಿನಲ್ಲಿ ಮೋಟಾರು ಜನರೇಟರ್ ಆಗಿ ಒಂದಿಷ್ಟು ಕರೆಂಟ್ ವಾಪಸ್ ಕೊಡುತ್ತದೆ, ಎರಡು-ಮೂರು ಯೂನಿಟ್ ಉಳಿತಾಯ ಅಲ್ಲಿ ಆಗುತ್ತದೆ. (ಘಾಟಿಯ ತಲೆಯಲ್ಲಿ ನಿಂತು ನೂರು ಪರ್ಸೆಂಟ್ ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ವಾಪಸ್ ಬರುವ ಕರೆಂಟ್ ಇಟ್ಟುಕೊಳ್ಳಲು ಜಾಗವಿರುವುದಿಲ್ಲ, ಬ್ರೇಕೇ ಎಲ್ಲ ಭಾರ ಹೊರಬೇಕಾಗುತ್ತದೆ.)

ಹೋಗುವಾಗ ಒಂದು ನಿಲುಗಡೆ ಹೆಚ್ಚು, ಅಷ್ಟೇ. ಬರುವಾಗಿನ ಕತೆ ಬೇರೆ. ಗುಂಡ್ಯದಿಂದ ಸಕಲೇಶಪುರಕ್ಕೆ ರಸ್ತೆ 36 ಕಿಲೋಮೀಟರ್ ಆಸುಪಾಸು, ಏರು ಮಾತ್ರ ಎಂಟುನೂರು ಮೀಟರಿಗೂ ಹೆಚ್ಚು. ಜನ, ಲಗೇಜು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಸುಮಾರು ಐದು ಯೂನಿಟ್ ಬೇಕು. ಎಂದಿನ ಓಟದ ಆರು ಯೂನಿಟ್ ಅದರ ಮೇಲೆ. ಮಂಗಳೂರಿನಿಂದ ಪೂರ್ತಿ ತುಂಬಿಸಿಕೊಂಡು ಹೊರಟ ಚಿಕ್ಕ ಬ್ಯಾಟರಿ ಗುಂಡ್ಯದಲ್ಲಿ 50 ಪರ್ಸೆಂಟ್ ತೋರಿಸುತ್ತದೆ. ನೋಡಿದವರಿಗೆ ಸಮಾಧಾನವಾಗಬೇಕಾದ ಅಂಕಿ. ಆದರೆ ಮುಂದಿನ 36 ಕಿಲೋಮೀಟರಿನಲ್ಲಿ ಅದರಿಂದ 11 ಯೂನಿಟ್ ಖಾಲಿ. ಸಕಲೇಶಪುರ ಮುಟ್ಟುವಾಗ ಉಳಿಯುವುದು 13 ಪರ್ಸೆಂಟ್, ಅದೂ ಶಿರಾಡಿಯಲ್ಲಿ ಲಾರಿ ಕೆಟ್ಟು ನಿಂತು ದಾರಿ ಜಾಮ್ ಆಗದಿದ್ದರೆ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ "ಇನ್ನಿಷ್ಟು ಕಿಲೋಮೀಟರ್ ಹೋಗಬಹುದು" ಎಂಬ ಅಂಕಿ ಹೆಚ್ಚಾಗಿ ನೀವು ಈಗಷ್ಟೇ ಓಡಿಸಿದ ಸಮತಟ್ಟು ರಸ್ತೆಯ ಸರಾಸರಿಯನ್ನು ನೆಚ್ಚಿಕೊಂಡಿರುತ್ತದೆ. ಎದುರಿಗಿರುವ ಘಾಟಿ ಅದರ ಲೆಕ್ಕಕ್ಕೆ ಬಂದಿರುವುದಿಲ್ಲ. ಹಾಗಾಗಿ ಚಿಕ್ಕ ಬ್ಯಾಟರಿಯವರು ಗುಂಡ್ಯಕ್ಕೆ ಮೊದಲೇ ಒಮ್ಮೆ, ಹಾಸನದಲ್ಲೊಮ್ಮೆ, ಬೆಂಗಳೂರಿಗೆ ಮುಂಚೆ ಇನ್ನೊಮ್ಮೆ ಚಿಕ್ಕದಾಗಿ ನಿಲ್ಲಬೇಕು. ದೊಡ್ಡದರವರಿಗೆ ಹಾಸನದಲ್ಲಿ ಒಮ್ಮೆ ಸಾಕು.

ಒಟ್ಟಿನಲ್ಲಿ ಊರಿಗೊಮ್ಮೆ ಹೋಗಿಬಂದರೆ ಚಿಕ್ಕ ಬ್ಯಾಟರಿಗೆ ಮೂರು ನಿಲುಗಡೆ ಹೆಚ್ಚು. ಈಗ ಹಣದ ಲೆಕ್ಕ. ಒಂದೂವರೆ ಲಕ್ಷವನ್ನೂ ಸಾಲಕ್ಕೆ ಸೇರಿಸಿ ಒಂಬತ್ತು ಪರ್ಸೆಂಟ್ ಬಡ್ಡಿಯಲ್ಲಿ ಐದು ವರ್ಷ ಕಂತು ಕಟ್ಟಿದರೆ ಅದು ಒಂದು ಲಕ್ಷದ 87 ಸಾವಿರದಷ್ಟಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರಾದರೆ ಎಂಟು ವರ್ಷಕ್ಕೆ 96 ನಿಲುಗಡೆ ತಪ್ಪುತ್ತದೆ. ಒಂದೊಂದಕ್ಕೆ ಎರಡು ಸಾವಿರದ ಹತ್ತಿರ ಕೊಟ್ಟಂತಾಯಿತು. ಮಕ್ಕಳು, ವಯಸ್ಸಾದವರು ಜೊತೆಗಿದ್ದು, ಮಳೆಯಲ್ಲಿ ಸಾಲಿನಲ್ಲಿ ಕಾಯುವುದನ್ನು ನೆನೆದರೆ ಕೊಡಬಹುದಾದ ಹಣ ಎಂದೇ ನನ್ನ ಅಭಿಪ್ರಾಯ. ವರ್ಷಕ್ಕೆ ಒಂದೇ ಸಲ, ದೀಪಾವಳಿಗೆ ಮಾತ್ರ ಹೋಗುವವರಿಗೆ ಅದೇ ನಿಲುಗಡೆ ಒಂದಕ್ಕೆ ಎಂಟು ಸಾವಿರದಷ್ಟು ಬೀಳುತ್ತದೆ. ಅಂಥವರು ಆ ಒಂದು ಪ್ರಯಾಣಕ್ಕೆ ಟ್ರೈನು ಹಿಡಿಯಬಹುದು, ಬಾಡಿಗೆ ಕಾರು ತರಬಹುದು, ಉಳಿದ ಹಣವನ್ನು ಮನೆಯ ಚಾರ್ಜಿಂಗ್ ವ್ಯವಸ್ಥೆಗೆ ಹಾಕಬಹುದು.

ನಿಲುಗಡೆಯ ಉದ್ದದಲ್ಲೂ ವ್ಯತ್ಯಾಸವಿದೆ. ದೊಡ್ಡ ಬ್ಯಾಟರಿಯಲ್ಲಿ ಸೆಲ್‌ಗಳ ಸಾಮರ್ಥ್ಯ ಹೆಚ್ಚಿರುವುದರಿಂದ, ಅವಕ್ಕೆ ಅದೇ ಒತ್ತಡ ಹಾಕಿಯೂ ಒಟ್ಟಾರೆ ಹೆಚ್ಚು ಕರೆಂಟ್ ತಳ್ಳಬಹುದು. 45ರ ನೆಕ್ಸಾನ್ ತಕ್ಕ ಚಾರ್ಜರ್ ಸಿಕ್ಕರೆ ಹತ್ತರಿಂದ ಎಂಬತ್ತಕ್ಕೆ ಸುಮಾರು 40 ನಿಮಿಷದಲ್ಲಿ ಏರುತ್ತದೆ, ಚಿಕ್ಕದಕ್ಕೆ ಒಂದು ಗಂಟೆಯ ಹತ್ತಿರ ಬೇಕು. ಆದರೆ ತಕ್ಕ ಚಾರ್ಜರ್ ಸಿಕ್ಕರೆ ಎನ್ನುವ ಮಾತು ಸಣ್ಣದಲ್ಲ. ಹೆದ್ದಾರಿಯ ಅನೇಕ ಕಡೆ ಇರುವುದು ಎರಡು ಗನ್‌ಗಳ 60 ಕಿಲೋವ್ಯಾಟ್ ಯಂತ್ರ. ಪಕ್ಕದಲ್ಲಿ ಇನ್ನೊಂದು ಕಾರು ಬಂದು ಸಿಕ್ಕಿಸಿಕೊಂಡ ಕ್ಷಣ ನಿಮ್ಮ ಪಾಲು 30ಕ್ಕೆ ಇಳಿಯುತ್ತದೆ. ಆಗ ದೊಡ್ಡ ಬ್ಯಾಟರಿಗೂ 20 ಯೂನಿಟ್‌ಗೆ 40 ನಿಮಿಷ ಬೇಕು. ನೀವು ಮತ್ತೆಮತ್ತೆ ಹೋಗುವ ದಾರಿಯಲ್ಲಿ ಎಷ್ಟು ಕಿಲೋವ್ಯಾಟಿನ ಯಂತ್ರಗಳಿವೆ, ಎಷ್ಟು ಗನ್‌ಗಳಿವೆ ಎಂದು ಚಾರ್ಜಿಂಗ್ ಆ್ಯಪ್‌ಗಳಲ್ಲಿ ಬುಕಿಂಗ್‌ಗೆ ಮೊದಲೇ ನೋಡಿಡುವುದು ಒಳ್ಳೆಯದು. ಶನಿವಾರ ಬೆಳಿಗ್ಗೆ ಹತ್ತಕ್ಕೆ ತೆರೆದು ನೋಡಿದರೆ ಅವುಗಳಲ್ಲಿ ಎಷ್ಟು ಖಾಲಿ, ಎಷ್ಟು ಕೆಟ್ಟು ಕೂತಿವೆ ಎಂಬುದೂ ತಿಳಿಯುತ್ತದೆ.

ಹಳತಾದಂತೆ ಬ್ಯಾಟರಿ ಕುಗ್ಗುತ್ತದೆ. ಕಾಲಕ್ರಮದಲ್ಲಿ 80 ಪರ್ಸೆಂಟಿಗೆ ಬಂತು ಎನ್ನಿ, ಚಿಕ್ಕದರಲ್ಲಿ 24 ಯೂನಿಟ್ ಉಳಿಯುತ್ತದೆ. ಊರೊಳಗೆ ಅದು ಗೊತ್ತೇ ಆಗದು. ಹೆದ್ದಾರಿಯಲ್ಲಿ ಮಾತ್ರ ನಿಲುಗಡೆಯಿಂದ ನಿಲುಗಡೆಗೆ ನೂರು ಕಿಲೋಮೀಟರ್ ಎನ್ನುವ ಮಟ್ಟಕ್ಕೆ ಬಂದುಬಿಡುತ್ತದೆ. ದೊಡ್ಡದು ಆಗಲೂ 36 ಯೂನಿಟ್, ಹೊಸ ಚಿಕ್ಕದಕ್ಕಿಂತ ಹೆಚ್ಚು. ಅಷ್ಟೇ ದೂರಕ್ಕೆ ತುಂಬಿ-ಖಾಲಿಯಾಗುವ ಸುತ್ತುಗಳು ಕಡಿಮೆಯಾದ್ದರಿಂದ ಅದರ ಸವೆತವೂ ನಿಧಾನ. ಸೆಕೆಂಡ್‌ಹ್ಯಾಂಡ್ ಮಾರುವಾಗ ಕೊಳ್ಳುವವನೂ ಇದನ್ನೇ ಕೇಳುತ್ತಾನೆ.

ಮನೆಯಲ್ಲಿ ಚಾರ್ಜಿಂಗ್ ಇಲ್ಲದವರ ವಿಷಯ ಪ್ರತ್ಯೇಕ. ಅಪಾರ್ಟ್‌ಮೆಂಟ್ ಸಂಘ ಒಪ್ಪುತ್ತಿಲ್ಲ, ಬಾಡಿಗೆ ಮನೆಯ ಮಾಲೀಕರು ಬೇಡವೆನ್ನುತ್ತಾರೆ. ಇಂಥ ಕಡೆ ಊರಿಗೆ ಹೋಗದವರೂ ದೊಡ್ಡದನ್ನು ಯೋಚಿಸಬೇಕು. ದಿನಕ್ಕೆ ಆರು ಯೂನಿಟ್ ಖರ್ಚಾದರೆ ಚಿಕ್ಕ ಬ್ಯಾಟರಿ ಮೂರೂವರೆ ದಿನಕ್ಕೆ ಚಾರ್ಜರ್ ಹುಡುಕಿಸುತ್ತದೆ, ದೊಡ್ಡದು ಐದು ದಿನ ಬರುತ್ತದೆ. ಸೋಮವಾರದಿಂದ ಶುಕ್ರವಾರದ ತನಕ ಮುಟ್ಟದೆ, ಭಾನುವಾರ ತರಕಾರಿ ತರಲು ಹೋದಾಗ ಒಮ್ಮೆ ತುಂಬಿಸಿದರೆ ಆಯಿತು. ಮನೆಯಲ್ಲಿ ಯೂನಿಟ್‌ಗೆ ಆರು ರೂಪಾಯಿ ಕೊಡುವವರಿಗೂ ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಇಪ್ಪತ್ತರ ಆಸುಪಾಸು ಕೊಡುವವರಿಗೂ ತಿಂಗಳ ಖರ್ಚಿನಲ್ಲಿ ಭಾರೀ ಅಂತರವಿದೆ. ಅದನ್ನು ಬ್ಯಾಟರಿಯ ಗಾತ್ರ ಕಡಿಮೆ ಮಾಡದು.

ದರಪಟ್ಟಿ ಕೈಗೆ ಬಂದಾಗ ಒಂದು ತಂತ್ರವನ್ನು ಗಮನಿಸಿ. ದೊಡ್ಡ ಬ್ಯಾಟರಿಯನ್ನು ಹಲವು ಕಂಪನಿಗಳು ಸನ್‌ರೂಫ್, ದೊಡ್ಡ ಪರದೆ, ಚರ್ಮದಂಥ ಸೀಟುಗಳಿರುವ ಮೇಲಿನ ಮಾಡೆಲ್‌ಗಳಿಗೆ ಕಟ್ಟಿಹಾಕಿರುತ್ತವೆ. ಆಗ ವ್ಯತ್ಯಾಸ ಮೂರು ಲಕ್ಷ ಕಂಡರೂ ಅದರಲ್ಲಿ ಬ್ಯಾಟರಿಯ ಪಾಲು ಅರ್ಧವೇ ಇರಬಹುದು. ಒಂದೇ ಸೌಲಭ್ಯಗಳಿರುವ ಎರಡು ಮಾಡೆಲ್‌ಗಳನ್ನು ಅಕ್ಕಪಕ್ಕ ಇಟ್ಟು ಕಳೆದು ನೋಡಿ, ಬಂದ ಮೊತ್ತವನ್ನು ಹೆಚ್ಚುವರಿ ಯೂನಿಟ್‌ಗಳಿಂದ ಭಾಗಿಸಿ. ಹತ್ತು ಸಾವಿರದ ಆಸುಪಾಸಿದ್ದರೆ ಮೇಲಿನ ಲೆಕ್ಕ ಹಾಗೇ ಹೊಂದುತ್ತದೆ. ಇಪ್ಪತ್ತು ಸಾವಿರ ಎಂದು ಬಂದರೆ ನೀವು ದುಡ್ಡು ಕೊಡುತ್ತಿರುವುದು ಸನ್‌ರೂಫಿಗೆ.